ಗಾದೆ ಮತ್ತು ನುಡಿಗಟ್ಟುಗಳ ಅನುವಾದ: ಚಿತ್ರವನ್ನು ಬಿಟ್ಟು ಅರ್ಥವನ್ನು ಹಿಡಿಯುವ ಕ್ರಮ

ಉದ್ದೇಶ: ಇಂಗ್ಲಿಷ್ ಪಾಠಗಳಲ್ಲಿ ಬರುವ ಗಾದೆ ಮತ್ತು ನುಡಿಗಟ್ಟುಗಳನ್ನು ಪದಕ್ಕೆ ಪದವಾಗಿ ಕನ್ನಡಿಸದೆ, ಅದೇ ಸಂದರ್ಭದಲ್ಲಿ ಕನ್ನಡಿಗರು ಆಡುವ ಮಾತನ್ನು ಗುರುತಿಸಲು ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು, ಹೊಂದುವಂತೆ ತೋರಿ ಹೊಂದದ ಗಾದೆಗಳನ್ನು ಬೇರ್ಪಡಿಸಲು ಕಲಿಸುವುದು.

1. ಪೀಠಿಕೆ

ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು, ಶೂಲಗಿರಿ ಭಾಗಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ದಿನವೂ ಹಲವು ನುಡಿಗಳ ನಡುವೆ ಓಡಾಡುತ್ತಾನೆ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತೆಲುಗು, ಬಸ್ಸು ಮತ್ತು ಸಂತೆಗಳಲ್ಲಿ ತಮಿಳು, ಪಠ್ಯದಲ್ಲಿ ಇಂಗ್ಲಿಷ್. 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ತಮಿಳು ಅವನಿಗೆ ಶಾಲೆಯ ಪಾಠವೂ ಆಗಿದೆ. ಆದುದರಿಂದ ಅನುವಾದವೆಂಬುದು ಅವನಿಗೆ ವ್ಯಾಕರಣ ಪುಸ್ತಕದ ಕೊನೆಯ ಅಧ್ಯಾಯವಲ್ಲ. ಅದು ಅವನ ದಿನಚರಿ. ಅಂಗಡಿಯವನ ತಮಿಳನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸುವಾಗ ಅವನು ತಡವರಿಸುವುದಿಲ್ಲ. ಆದರೆ ಅದೇ ವಿದ್ಯಾರ್ಥಿ ಇಂಗ್ಲಿಷ್ ಪಾಠದಲ್ಲಿ 'ಇಟ್ ಈಸ್ ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂಬ ವಾಕ್ಯವನ್ನು ಕಂಡರೆ, 'ಬೆಕ್ಕು ನಾಯಿಗಳ ಮಳೆ ಬರುತ್ತಿದೆ' ಎಂದು ಬರೆಯುತ್ತಾನೆ.

ಈ ತಪ್ಪಿಗೆ ಪದಗಳ ಅಜ್ಞಾನ ಕಾರಣವಲ್ಲ. ವಾಕ್ಯದ ಪ್ರತಿಯೊಂದು ಪದವೂ ಅವನಿಗೆ ಗೊತ್ತು. ಪದಗಳೆಲ್ಲ ಗೊತ್ತಿರುವುದರಿಂದಲೇ ಅವನು ನಿಘಂಟನ್ನು ತೆರೆಯುವುದಿಲ್ಲ, ಶಿಕ್ಷಕರನ್ನು ಕೇಳುವುದೂ ಇಲ್ಲ. ಕಠಿಣ ಪದವು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ನುಡಿಗಟ್ಟು ಸುಲಭ ಪದಗಳ ಹಿಂದೆ ಅಡಗಿರುತ್ತದೆ. ಕಥೆಯ ತಿರುವು ಒಂದು ಗಾದೆಯ ಮೇಲೆ ನಿಂತಿದ್ದರೆ, ಆ ಗಾದೆ ತಿಳಿಯದ ವಿದ್ಯಾರ್ಥಿಗೆ ಮುಂದಿನ ಪುಟವೂ ತಿಳಿಯುವುದಿಲ್ಲ. ಆದರೆ ತನಗೆ ತಿಳಿದಿಲ್ಲವೆಂಬುದೂ ಅವನಿಗೆ ತಿಳಿದಿರುವುದಿಲ್ಲ.

2. ಹೊರಗಿನವರ ಉದಾಹರಣೆ: ಇಂಗ್ಲಿಷಿನಿಂದ ರಷ್ಯನ್ ಭಾಷೆಗೆ

ಗಾದೆಗಳ ಅನುವಾದದ ಮೂಲತತ್ತ್ವವನ್ನು ವಿದ್ಯಾರ್ಥಿಗಳಿಗೆ ತೋರಿಸಲು, ಅವರಿಗೆ ತೀರ ಅಪರಿಚಿತವಾದ ಒಂದು ಭಾಷೆಯ ಉದಾಹರಣೆ ಅನುಕೂಲ. ತನ್ನ ನುಡಿಯ ಗಾದೆಯಲ್ಲಿರುವ ಚಿತ್ರವು ಯಾರಿಗೂ ಕಾಣಿಸುವುದಿಲ್ಲ. ಕೇಳಿದೊಡನೆ ಅರ್ಥವೇ ಮನಸ್ಸಿಗೆ ಬರುತ್ತದೆ. ಪರಭಾಷೆಯ ಗಾದೆಯಲ್ಲಿ ಚಿತ್ರವೇ ಮೊದಲು ಕಾಣುತ್ತದೆ. ಇಂಗ್ಲಿಷಿನಿಂದ ರಷ್ಯನ್ ಭಾಷೆಗೆ ಅನುವಾದ ಮಾಡುವವರು ಈ ಸಮಸ್ಯೆಯನ್ನು ಬಹುಕಾಲದಿಂದ ಎದುರಿಸಿದ್ದಾರೆ. ವ್ಲಾದಿಮಿರ್ ದಾಲ್ 1862ರಲ್ಲಿ ಪ್ರಕಟಿಸಿದ ರಷ್ಯನ್ ಗಾದೆಗಳ ಸಂಗ್ರಹದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಗಾದೆ ಮತ್ತು ಮಾತುಗಳಿವೆ. ಅಲೆಕ್ಸಾಂದರ್ ಕೂನಿನ್ ಸಿದ್ಧಪಡಿಸಿದ ಇಂಗ್ಲಿಷ್–ರಷ್ಯನ್ ನುಡಿಗಟ್ಟುಗಳ ನಿಘಂಟು 1955ರಲ್ಲಿ ಹೊರಬಂತು. ಅಲ್ಲಿನ ಅನುವಾದಕರ ಕ್ರಮವನ್ನು ನಾಲ್ಕು ಉದಾಹರಣೆಗಳಲ್ಲಿ ನೋಡಬಹುದು.

ಮೊದಲನೆಯದು ಮಳೆಯ ಮಾತು. ಬೆಕ್ಕು ನಾಯಿಗಳ ಮಳೆಯನ್ನು ರಷ್ಯನ್ನರು 'ಬಕೆಟ್ಟಿನಿಂದ ಸುರಿದಂತೆ ಸುರಿಯುತ್ತಿದೆ' ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಸಮೀಪದ ಮಾತು ಸಿದ್ಧವಾಗಿಯೇ ಇದೆ: ಕುಂಭದ್ರೋಣ ಮಳೆ. ಕುಂಭವೆಂದರೆ ಕೊಡ, ದ್ರೋಣವು ಹಿಂದಿನ ಕಾಲದ ಒಂದು ಅಳತೆ. ರಷ್ಯನ್ನರ ಬಕೆಟ್ಟು, ಕನ್ನಡಿಗರ ಕೊಡ ಇವೆರಡೂ ನೀರು ಸುರಿಯುವ ಪಾತ್ರೆಗಳೇ. ಇಂಗ್ಲಿಷಿನ ಬೆಕ್ಕು ನಾಯಿಗಳು ಮಾತ್ರ ಎರಡೂ ಕಡೆ ಮಾಯವಾಗಿವೆ. ಅದರಿಂದ ಅರ್ಥಕ್ಕೆ ಯಾವ ನಷ್ಟವೂ ಆಗಿಲ್ಲ.

ಎರಡನೆಯದು, 'ಡೋಂಟ್ ಕೌಂಟ್ ಯುವರ್ ಚಿಕನ್ಸ್ ಬಿಫೋರ್ ದೇ ಆರ್ ಹ್ಯಾಚ್ಡ್' ಎಂಬ ಗಾದೆ. ಮೊಟ್ಟೆಯೊಡೆಯುವ ಮೊದಲು ಮರಿಗಳನ್ನು ಎಣಿಸಬೇಡ ಎಂಬುದು ಇದರ ಚಿತ್ರ. ರಷ್ಯನ್ನರಲ್ಲಿ 'ಕೋಳಿಮರಿಗಳನ್ನು ಶರತ್ಕಾಲದಲ್ಲಿ ಎಣಿಸುತ್ತಾರೆ' ಎಂಬ ಗಾದೆಯಿದೆ. ಹಕ್ಕಿ ಒಂದೇ, ಎಣಿಕೆ ಒಂದೇ. ಆದರೆ ಎಣಿಸುವ ಕಾಲ ಬೇರೆ. ಬೇಸಿಗೆ ಕಳೆದು ಬದುಕುಳಿದ ಮರಿಗಳೇ ನಿಜವಾದ ಲೆಕ್ಕ ಎಂಬುದು ಅದರ ತಾತ್ಪರ್ಯ. ಕನ್ನಡದಲ್ಲಿ ಕೋಳಿಯೇ ಇಲ್ಲ: 'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು.' ಮೂರು ಗಾದೆಗಳೂ ಕೈಗೆ ಬಾರದ ಫಲವನ್ನು ನೆಚ್ಚುವ ಆತುರವನ್ನೇ ಹೇಳುತ್ತವೆ.

ಮೂರನೆಯದು, ಇಲಿಯಂಥ ಪ್ರಾಣಿಯೊಂದು ಅಗೆದು ಹಾಕಿದ ಮಣ್ಣಿನ ಗುಪ್ಪೆಯನ್ನು ಪರ್ವತ ಮಾಡುವುದು ಎಂಬ ಇಂಗ್ಲಿಷ್ ನುಡಿಗಟ್ಟು, 'ಮೇಕಿಂಗ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್'. ರಷ್ಯನ್ನರು 'ನೊಣವನ್ನು ಆನೆ ಮಾಡುವುದು' ಎನ್ನುತ್ತಾರೆ. ಕನ್ನಡದಲ್ಲಿ 'ಕಡ್ಡಿಯನ್ನು ಗುಡ್ಡ ಮಾಡುವುದು.' ಇಲ್ಲಿ ಅನುವಾದಕನಿಗೆ ಯಾವ ಕಷ್ಟವೂ ಇಲ್ಲ. ಮೂರರಲ್ಲಿಯೂ ಒಂದು ಸಣ್ಣ ವಸ್ತು, ಒಂದು ದೊಡ್ಡ ವಸ್ತು, ಒಂದನ್ನು ಇನ್ನೊಂದಾಗಿ ಮಾಡುವ ಅತಿಶಯ ಇವೆ. ಚಿತ್ರ ಬದಲಾದರೂ ಚಿತ್ರದ ಕಟ್ಟು ಬದಲಾಗಿಲ್ಲ.

ನಾಲ್ಕನೆಯದು, 'ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್'. ಇಂಗ್ಲೆಂಡಿನ ನ್ಯೂಕ್ಯಾಸಲ್ ಕಲ್ಲಿದ್ದಲಿನ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿಗೆ ಕಲ್ಲಿದ್ದಲು ಹೊರುವುದು ವ್ಯರ್ಥ. ರಷ್ಯನ್ನರು 'ತನ್ನ ಸಮೋವಾರ್ ಹೊತ್ತು ತುಲಾಕ್ಕೆ ಹೋದಂತೆ' ಎನ್ನುತ್ತಾರೆ. ಸಮೋವಾರ್ ಎಂದರೆ ಚಹಾಕ್ಕೆ ನೀರು ಕಾಯಿಸುವ ಲೋಹದ ಪಾತ್ರೆ. ತುಲಾ ಪಟ್ಟಣ ಅದರ ತಯಾರಿಕೆಗೆ ಪ್ರಸಿದ್ಧ. ಹೊಸೂರಿನ ವಿದ್ಯಾರ್ಥಿಗೆ ಇದು ತಕ್ಷಣ ಹೊಳೆಯುತ್ತದೆ. 'ತಿರುನೆಲ್ವೇಲಿಗೇ ಹಲ್ವವೇ?' ಎಂಬ ತಮಿಳು ಮಾತನ್ನು ಅವನು ಕೇಳಿರುತ್ತಾನೆ. ಕಮ್ಮಾರರ ಬೀದಿಯಲ್ಲಿ ಸೂಜಿ ಮಾರಿದಂತೆ ಎಂಬ ಮಾತು ತಮಿಳು, ತೆಲುಗುಗಳಲ್ಲಿ ರೂಢಿಯಲ್ಲಿದೆ; ಕನ್ನಡದಲ್ಲಿ ಹಾಗೆಯೇ ಹೇಳಿದರೂ ವಿವರಣೆ ಬೇಕಾಗುವುದಿಲ್ಲ.

ಈ ನಾಲ್ಕು ಉದಾಹರಣೆಗಳಿಂದ ಒಂದು ಕ್ರಮ ತಾನಾಗಿಯೇ ಹೊರಡುತ್ತದೆ. ಅನುವಾದಕನು ಇಂಗ್ಲಿಷ್ ಪದಗಳಿಂದ ನೇರವಾಗಿ ರಷ್ಯನ್ ಪದಗಳಿಗೆ ಹೋಗಲಿಲ್ಲ. ಪದಗಳಿಂದ ಸಂದರ್ಭಕ್ಕೆ ಹೋದನು. ಆ ಸಂದರ್ಭದಲ್ಲಿ ತನ್ನವರು ಏನೆನ್ನುತ್ತಾರೆಂದು ಕೇಳಿಕೊಂಡನು.

3. ಚಿತ್ರ ಒಂದೇ ಆದರೂ ಅರ್ಥ ಬೇರೆಯಾಗುವುದು

ಸಮಾನ ಗಾದೆಯನ್ನು ಹುಡುಕುವಾಗ ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು, ಚಿತ್ರದಲ್ಲಿನ ವಸ್ತುಗಳ ಹೋಲಿಕೆಯನ್ನು ಅರ್ಥದ ಹೋಲಿಕೆಯೆಂದು ಭಾವಿಸುವುದು. ಇದಕ್ಕೂ ರಷ್ಯನ್ ಭಾಷೆಯಲ್ಲಿ ಒಳ್ಳೆಯ ಉದಾಹರಣೆಯಿದೆ. 'ಒಂದೇ ಹೊಡೆತಕ್ಕೆ ಎರಡು ಮೊಲಗಳನ್ನು ಕೊಲ್ಲುವುದು' ಎಂದರೆ ಒಂದು ಪ್ರಯತ್ನದಿಂದ ಎರಡು ಫಲ ಪಡೆಯುವುದು. 'ಎರಡು ಮೊಲಗಳ ಬೆನ್ನಟ್ಟಿದರೆ ಒಂದೂ ಸಿಗದು' ಎಂಬುದು ಇನ್ನೊಂದು ಗಾದೆ. ಎರಡರಲ್ಲಿಯೂ ಬೇಟೆಗಾರನಿದ್ದಾನೆ, ಎರಡು ಮೊಲಗಳಿವೆ. ಆದರೆ ಮೊದಲನೆಯದು ಜಾಣತನದ ಮಾತು, ಎರಡನೆಯದು ದುರಾಸೆಯ ಎಚ್ಚರಿಕೆ. ಇಂಗ್ಲಿಷಿನ 'ಕಿಲ್ಲಿಂಗ್ ಟೂ ಬರ್ಡ್ಸ್ ವಿತ್ ಒನ್ ಸ್ಟೋನ್' ಎಂಬುದಕ್ಕೆ ಎರಡನೆಯ ಗಾದೆಯನ್ನು ಇಟ್ಟರೆ ವಾಕ್ಯ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ಎರಡನೆಯದರ ಸ್ಥಾನದಲ್ಲಿ ನಿಲ್ಲುವುದು 'ಎರಡು ದೋಣಿಯ ಮೇಲೆ ಕಾಲಿಟ್ಟಂತೆ' ಎಂಬ ಮಾತು. ಅದರಲ್ಲಿ ಮೊಲವೂ ಇಲ್ಲ, ಬೇಟೆಯೂ ಇಲ್ಲ.

ಇದೇ ರೀತಿಯ ಮೋಸ ಕನ್ನಡ ತರಗತಿಯಲ್ಲಿ ಎಲ್ಲಿ ಆಗುತ್ತದೆಯೆಂಬುದನ್ನು ಮುಂದಿನ ಉದಾಹರಣೆ ತೋರಿಸುತ್ತದೆ.

4. ಒಂದು ಉದಾಹರಣೆಯ ಪೂರ್ಣ ಪರಿಶೀಲನೆ

ಅಭ್ಯಾಸಕ್ಕಾಗಿ ಸಿದ್ಧಪಡಿಸಿದ ಒಂದು ಇಂಗ್ಲಿಷ್ ಗದ್ಯಭಾಗದ ಸಾರಾಂಶ ಹೀಗಿದೆ. ಕೃಷ್ಣಗಿರಿಯ ಬಳಿ ಒಬ್ಬ ರೈತನಿಗೆ ತೋತಾಪುರಿ ಮಾವಿನ ತೋಟವಿದೆ. ಕಾಯಿ ಬಲಿತಿದೆ. ವ್ಯಾಪಾರಿಯೊಬ್ಬ ತೋಟಕ್ಕೇ ಬಂದು, ಇಂದೇ ಕೊಯ್ಯಲು ಒಪ್ಪಿದರೆ ಕಿಲೋಗೆ 20 ರೂಪಾಯಿಯಂತೆ ಕೈಯಲ್ಲಿ ಹಣ ಕೊಡುವೆನೆನ್ನುತ್ತಾನೆ. ಮಾವಿನ ತಿರುಳು ತಯಾರಿಸುವ ಕಾರ್ಖಾನೆಗಳು ಮುಂದಿನ ವಾರ ಹೆಚ್ಚಿನ ಬೆಲೆ ಕೊಡಬಹುದೆಂದು ಮಗ ಹೇಳುತ್ತಾನೆ. ಮೋಡ ಕವಿದಿದೆ, ಗಾಳಿ ಎದ್ದರೆ ಕಾಯಿ ಉದುರುತ್ತದೆ. ತಾಯಿ ಮಗನಿಗೆ ಹೇಳುವ ಮಾತು: 'ಎ ಬರ್ಡ್ ಇನ್ ದ ಹ್ಯಾಂಡ್ ಈಸ್ ವರ್ತ್ ಟೂ ಇನ್ ದ ಬುಷ್.' ತಂದೆ ವ್ಯಾಪಾರಿಗೆ ಒಪ್ಪಿಗೆ ಕೊಡುತ್ತಾನೆ.

ಮೊದಲ ಹೆಜ್ಜೆಯಲ್ಲಿ ಗಾದೆಯನ್ನು ಮುಟ್ಟದೆ ಸಂದರ್ಭವನ್ನು ಮಾತ್ರ ಕೇಳಬೇಕು. ಯಾರು ಯಾರಿಗೆ ಹೇಳಿದರು? ತಾಯಿ ಮಗನಿಗೆ. ಯಾವಾಗ? ನಿರ್ಧಾರಕ್ಕೆ ಮುಂಚೆ. ಹೇಳಿದ ಮೇಲೆ ಏನಾಯಿತು? ತಂದೆ ಇಂದಿನ ಬೆಲೆಗೆ ಒಪ್ಪಿದ. ಇಷ್ಟು ಉತ್ತರಗಳಿಂದಲೇ ಗಾದೆಯ ಅರ್ಥದ ಮುಕ್ಕಾಲು ಭಾಗ ದೊರೆಯುತ್ತದೆ. ಇದು ನಿರ್ಧಾರಕ್ಕೆ ಮುಂಚಿನ ಬುದ್ಧಿಮಾತು, ನಡೆದುಹೋದುದರ ಮೇಲಿನ ಟೀಕೆಯಲ್ಲ.

ಎರಡನೆಯ ಹೆಜ್ಜೆಯಲ್ಲಿ ಗಾದೆಯ ತಿರುಳನ್ನು ಚಿತ್ರವಿಲ್ಲದ ಒಂದು ವಾಕ್ಯದಲ್ಲಿ ಬರೆಯಬೇಕು: 'ಸಿಗುವುದೆಂಬ ಭರವಸೆಯಿಲ್ಲದ ದೊಡ್ಡ ಲಾಭಕ್ಕಿಂತ ಈಗ ಕೈಯಲ್ಲಿರುವ ಸಣ್ಣ ಲಾಭವೇ ಮೇಲು.' ಇಲ್ಲಿ ಮೂರು ಅಂಶಗಳಿವೆ. ಕೈಯಲ್ಲಿರುವುದು ಸಣ್ಣದು, ಮುಂದಿರುವುದು ದೊಡ್ಡದು, ಮುಂದಿರುವುದು ಅನಿಶ್ಚಿತ. ಸಮಾನ ಗಾದೆಯಲ್ಲಿ ಈ ಮೂರೂ ಇರಬೇಕು, ಕನಿಷ್ಠಪಕ್ಷ ಯಾವುದಕ್ಕೂ ವಿರೋಧ ಇರಬಾರದು. ರಷ್ಯನ್ನರ ಗಾದೆ 'ಆಕಾಶದ ಕೊಕ್ಕರೆಗಿಂತ ಕೈಯಲ್ಲಿನ ಗುಬ್ಬಿಯಂಥ ಪುಟ್ಟ ಹಕ್ಕಿ ಮೇಲು' ಎಂಬ ಅರ್ಥದ್ದು. ಅಲ್ಲಿ ಮೂರೂ ಅಂಶಗಳು ಸ್ಪಷ್ಟವಾಗಿವೆ. ಎರಡು ಹಕ್ಕಿಗಳ ಸಂಖ್ಯೆಯ ಬದಲು ದೊಡ್ಡ ಹಕ್ಕಿಯ ಗಾತ್ರ ಬಂದಿದೆಯಷ್ಟೆ.

ಮೂರನೆಯ ಹೆಜ್ಜೆಯಲ್ಲಿ ವಿದ್ಯಾರ್ಥಿಗಳಿಂದ ಕನ್ನಡದ ಮಾತುಗಳನ್ನು ಕೇಳಿ ಹಲಗೆಯ ಮೇಲೆ ಬರೆಯಬೇಕು. ಸಾಮಾನ್ಯವಾಗಿ ಮೊದಲು ಬರುವುದು 'ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು' ಎಂಬ ಗಾದೆ. ಇಂಗ್ಲಿಷಿನಲ್ಲಿ ಕೈಯಿದೆ, ಇದರಲ್ಲಿಯೂ ಕೈಯಿದೆ. ತಮಿಳಿನಲ್ಲಿಯೂ ಇದೇ ಗಾದೆ ಇರುವುದರಿಂದ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ತಿರುಳಿನೊಂದಿಗೆ ಇಟ್ಟು ನೋಡಿದರೆ ಇದು ನಿಲ್ಲುವುದಿಲ್ಲ. ಬೆಣ್ಣೆಯನ್ನು ಕಾಯಿಸಿದರೆ ತುಪ್ಪ. ಬೇಕಾದುದು ಕೈಯಲ್ಲಿಯೇ ಇದೆ. ತನ್ನಲ್ಲಿರುವುದನ್ನು ಅರಿಯದೆ ಹೊರಗೆ ಹುಡುಕುವವನನ್ನು ಕುರಿತ ಗಾದೆ ಇದು. ಮಗನು ಕೈಯಲ್ಲಿರುವುದನ್ನು ಅರಿಯದವನಲ್ಲ. ಅರಿತೂ ಹೆಚ್ಚಿನದಕ್ಕೆ ಕಾಯೋಣವೆನ್ನುವವನು. ಆದುದರಿಂದ ಈ ಗಾದೆಯನ್ನು ಬಿಡಬೇಕು.

ಎರಡನೆಯದಾಗಿ ಬರುವುದು 'ಕೂಸು ಹುಟ್ಟುವ ಮುಂಚೆ ಕುಲಾವಿ'. ಇದರಲ್ಲಿ ಅನಿಶ್ಚಿತ ಭವಿಷ್ಯವಿದೆ. ಆದರೆ ಕೈಯಲ್ಲಿರುವ ಸಣ್ಣ ಲಾಭವಿಲ್ಲ, ಎರಡರ ನಡುವಣ ಆಯ್ಕೆಯೂ ಇಲ್ಲ. ಮುಂದಿನ ವಾರದ ಬೆಲೆಯನ್ನು ನೆಚ್ಚಿ ಮಗನು ಈಗಲೇ ಸಾಲ ಮಾಡಿ ಮೋಟಾರ್ ಸೈಕಲ್ ಕೊಂಡಿದ್ದರೆ ಈ ಗಾದೆ ಸರಿಯಾಗುತ್ತಿತ್ತು. ಈ ಕಥೆಗೆ ಅರ್ಧ ಮಾತ್ರ ಹೊಂದುತ್ತದೆ.

ಮೂರನೆಯದು ತೆಲುಗು ಮನೆಮಾತಿನ ನೆರೆಹೊರೆಯಿಂದ ಬರುವ ಸಾಧ್ಯತೆಯಿದೆ: ಮೋಡದಲ್ಲಿನ ನೀರನ್ನು ನೋಡಿ ಚೆಂಬಿನ ನೀರನ್ನು ಚೆಲ್ಲಿಕೊಂಡಂತೆ. ಇಲ್ಲಿ ಚೆಂಬಿನ ನೀರು ಸಣ್ಣದು ಮತ್ತು ಖಚಿತ; ಮೋಡದ ನೀರು ದೊಡ್ಡದು ಮತ್ತು ಅನಿಶ್ಚಿತ; ಒಂದನ್ನು ನೆಚ್ಚಿ ಇನ್ನೊಂದನ್ನು ಕಳೆದುಕೊಳ್ಳುವ ಆಯ್ಕೆಯೂ ಇದೆ. ಮೂರು ಅಂಶಗಳೂ ಕೂಡಿಬಂದಿವೆ.

ನಾಲ್ಕನೆಯ ಹೆಜ್ಜೆ ವ್ಯಾಕರಣದ್ದು. ಇದನ್ನು ಅನೇಕರು ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಗಾದೆಯು ಸ್ವತಂತ್ರ ವಾಕ್ಯ, ಒಂದು ಸಾಮಾನ್ಯ ಸತ್ಯದ ಹೇಳಿಕೆ. ಕನ್ನಡ ಮತ್ತು ತೆಲುಗಿನ ಅನೇಕ ಗಾದೆಗಳು 'ಅಂತೆ', 'ಹಾಗೆ' ಎಂಬ ಉಪಮಾವಾಚಕಗಳಲ್ಲಿ ಮುಗಿಯುತ್ತವೆ, ಇಲ್ಲವೆ 'ಹೊಲಿಸಿದರು', 'ಅಲೆದರು' ಎಂಬ ಭೂತಕಾಲದಲ್ಲಿ ನಿಲ್ಲುತ್ತವೆ. ಅವು ಸಾಮಾನ್ಯವಾಗಿ ಆಗಿಹೋದ ತಪ್ಪನ್ನು ತೋರಿಸುವ ಮಾತುಗಳು. ತಾಯಿಯ ಮಾತು ನಿರ್ಧಾರಕ್ಕೆ ಮುಂಚಿನದು. ಆದುದರಿಂದ 'ಚೆಲ್ಲಿದಂತೆ' ಎಂದು ಇಟ್ಟರೆ ಮಗನು ಆಗಲೇ ನಷ್ಟ ಮಾಡಿಕೊಂಡನೆಂಬ ಭಾವನೆ ಬರುತ್ತದೆ. ನಿಷೇಧರೂಪಕ್ಕೆ ತಿರುಗಿಸಬೇಕು: 'ಮೋಡ ನೋಡಿ ಚೆಂಬಿನ ನೀರು ಚೆಲ್ಲಬೇಡ, ಮಗ.' ತಾಯಿ ಮಗನಿಗೆ ಏಕವಚನದಲ್ಲಿ ಆಡುವುದು ಸಹಜ. ಇದೇ ಮಾತನ್ನು ಮಗ ತಂದೆಗೆ ಹೇಳಬೇಕಾದರೆ 'ಚೆಲ್ಲುವುದು ಬೇಡಪ್ಪ' ಎಂದಾಗುತ್ತದೆ. ಇಂಗ್ಲಿಷ್ ಗಾದೆಗೆ ಇಂಥ ಬದಲಾವಣೆಯ ಅಗತ್ಯವಿಲ್ಲ, ಕನ್ನಡಕ್ಕೆ ಇದೆ.

ಐದನೆಯ ಹೆಜ್ಜೆಯಲ್ಲಿ ಇಂಗ್ಲಿಷನ್ನು ಮುಚ್ಚಿ ಕನ್ನಡವನ್ನು ಮಾತ್ರ ಓದಿಸಬೇಕು. ಇಂಗ್ಲಿಷ್ ಓದದ ಇನ್ನೊಂದು ತರಗತಿಯ ವಿದ್ಯಾರ್ಥಿಗೆ ಓದಿಸಿದರೆ ಇನ್ನೂ ಉತ್ತಮ. 'ಅಮ್ಮ ಏನು ಹೇಳಿದಳು? ಮಗ ಏನು ಮಾಡಬೇಕು?' ಎಂದು ಕೇಳಿದಾಗ, 'ಈಗಲೇ ಮಾರು ಎಂದಳು' ಎಂಬ ಉತ್ತರ ಬಂದರೆ ಅನುವಾದ ಗೆದ್ದಿತು. 'ಯಾವ ಹಕ್ಕಿ? ಯಾವ ಪೊದೆ?' ಎಂಬ ಮರುಪ್ರಶ್ನೆ ಬಂದರೆ ಚಿತ್ರವು ದಾರಿಗಡ್ಡ ನಿಂತಿದೆಯೆಂದು ತಿಳಿಯಬೇಕು. ಗಾದೆಯ ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಕೊಂಡಿ ತಪ್ಪಿದಂತೆ ಕೇಳಿಸುವುದು ಇನ್ನೊಂದು ಗುರುತು.

ಈ ಉದಾಹರಣೆಯಲ್ಲಿ ಇನ್ನೊಂದು ವಿಶೇಷವಿದೆ. ಕಥೆಯಲ್ಲಿ ನಿಜವಾಗಿಯೂ ಮೋಡ ಕವಿದಿದೆ. ಹಾಗಾಗಿ ಗಾದೆಯ ಮೋಡವು ಕಥೆಯ ಮೋಡದೊಂದಿಗೆ ಕಲೆತು, 'ಮಳೆ ಬರುವ ಮುಂಚೆ ಕೊಯ್ಯಿ' ಎಂಬ ಅಪಾರ್ಥಕ್ಕೆ ಎಡೆಯಾಗಬಹುದು. ಮರುಪ್ರಶ್ನೆಯಲ್ಲಿ ಅಂಥ ಗೊಂದಲ ಕಂಡರೆ ಗಾದೆಯನ್ನೇ ಬಿಟ್ಟು ಸರಳವಾಗಿ 'ಬರುವುದೋ ಇಲ್ಲವೋ ತಿಳಿಯದ ಬೆಲೆಗಿಂತ ಕೈಗೆ ಬಂದ ಬೆಲೆಯೇ ಮೇಲು' ಎಂದು ಬರೆಯುವುದು ಸೂಕ್ತ. ಸಮಾನ ಗಾದೆ ದೊರೆಯಿತೆಂಬ ಕಾರಣಕ್ಕೇ ಅದನ್ನು ಬಳಸಬೇಕೆಂಬ ನಿಯಮವಿಲ್ಲ.

5. ನೆರೆನುಡಿಯ ಗಾದೆ ಕನ್ನಡದಲ್ಲಿ ಸಲ್ಲುವುದೇ?

ಈ ಭಾಗದ ಶಿಕ್ಷಕರಿಗೆ ಮಾತ್ರ ಎದುರಾಗುವ ಪ್ರಶ್ನೆಯಿದು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂಬ ಮಾತು ಇಂದು ಕನ್ನಡದಲ್ಲಿ ರೂಢಿಯಾಗಿದೆ. ಅದು ಇಂಗ್ಲಿಷಿನ ಚಿತ್ರವನ್ನೇ ಹೊತ್ತು ಬಂದಿದ್ದರೂ ಬಳಕೆಯಿಂದ ನೆಲೆಗೊಂಡಿರುವುದರಿಂದ ಯಾರಿಗೂ ವಿವರಿಸಬೇಕಾಗಿಲ್ಲ. ತಮಿಳಿನಲ್ಲಿ ಇದೇ ಅರ್ಥಕ್ಕೆ 'ಒಂದೇ ಕಲ್ಲಿಗೆ ಎರಡು ಮಾವಿನಕಾಯಿ' ಎನ್ನುತ್ತಾರೆ. ಮಾವಿನ ತೋಪುಗಳ ನಡುವೆ ಬೆಳೆದ ಕೃಷ್ಣಗಿರಿಯ ಮಗು ಹಕ್ಕಿಗೆ ಕಲ್ಲೆಸೆದಿರಲಾರದು, ಮಾವಿನಕಾಯಿಗಂತೂ ಎಸೆದಿರುತ್ತದೆ. ಅದು ಕನ್ನಡ ಉತ್ತರಪತ್ರಿಕೆಯಲ್ಲಿ ಮಾವಿನಕಾಯಿಯನ್ನೇ ಬರೆದರೆ ತಪ್ಪೆನ್ನಬೇಕೆ?

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಮಗುವು ಇಂಗ್ಲಿಷ್ ನುಡಿಗಟ್ಟನ್ನು ಅರ್ಥಮಾಡಿಕೊಂಡಿದೆಯೇ ಎಂಬುದು ಮೊದಲ ಪ್ರಶ್ನೆ. ಮಾವಿನಕಾಯಿಯ ಉತ್ತರವು ಅದಕ್ಕೆ ಸ್ಪಷ್ಟ ಸಾಕ್ಷಿ. ಹಕ್ಕಿಯ ಉತ್ತರಕ್ಕಿಂತಲೂ ಬಲವಾದ ಸಾಕ್ಷಿ, ಏಕೆಂದರೆ ಹಕ್ಕಿಯನ್ನು ಪದಾನುವಾದದಿಂದಲೂ ಪಡೆಯಬಹುದು, ಮಾವಿನಕಾಯಿಯನ್ನು ಪಡೆಯಲಾಗದು. ಓದುವವರಿಗೆ ತಿಳಿಯುವುದೇ ಎಂಬುದು ಎರಡನೆಯ ಪ್ರಶ್ನೆ. ಗಾದೆಯ ಕಟ್ಟು ಒಂದೇ ಆಗಿರುವುದರಿಂದ ಮೈಸೂರಿನ ಅಥವಾ ಧಾರವಾಡದ ಓದುಗನಿಗೂ ಇದು ತಿಳಿಯುತ್ತದೆ. ಆದುದರಿಂದ ಅದನ್ನು ತಿದ್ದಿ ಕೆಂಪು ಗೆರೆ ಎಳೆಯುವ ಬದಲು, 'ಕನ್ನಡದಲ್ಲಿ ಹಕ್ಕಿ ಎನ್ನುವುದು ಹೆಚ್ಚು ರೂಢಿ' ಎಂದು ಪಕ್ಕದಲ್ಲಿ ಬರೆಯುವುದು ಸರಿಯಾದ ಕ್ರಮ.

ಇದಕ್ಕೊಂದು ಮಿತಿಯಿದೆ. 'ತಿರುನೆಲ್ವೇಲಿಗೇ ಹಲ್ವವೇ' ಎಂಬ ಮಾತನ್ನು ಕನ್ನಡಿಸಿದರೆ ಹೊಸೂರಿನಲ್ಲಿ ತಿಳಿಯಬಹುದು. ಕಲಬುರಗಿಯ ಓದುಗನಿಗೆ ತಿರುನೆಲ್ವೇಲಿಯ ಹಲ್ವದ ಖ್ಯಾತಿ ಗೊತ್ತಿರಬೇಕೆಂದಿಲ್ಲ. ಊರ ಹೆಸರಿರುವ ಗಾದೆಯು ಆ ಊರನ್ನು ಬಲ್ಲವರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮಾತಿನಲ್ಲಿ ಅದು ಸಲ್ಲುತ್ತದೆ. ಬರವಣಿಗೆಯಲ್ಲಿ ಓದುಗನು ಯಾರೆಂಬುದನ್ನು ನೋಡಿ ಬಳಸಬೇಕು.

6. ಧಾಟಿಯೂ ಅರ್ಥದ ಭಾಗ

ಅರ್ಥ ಹೊಂದಿದ ಮೇಲೂ ಧಾಟಿ ತಪ್ಪಬಹುದು. 'ವೆನ್ ಇನ್ ರೋಮ್, ಡು ಆ್ಯಸ್ ದ ರೋಮನ್ಸ್ ಡು' ಎಂಬುದು ಹೊಸ ಊರಿಗೆ ಬಂದವನಿಗೆ ಸ್ನೇಹದಿಂದ ಕೊಡುವ ಸಲಹೆ. ರಷ್ಯನ್ನರು ಇದಕ್ಕೆ 'ಬೇರೆಯವರ ಮಠಕ್ಕೆ ನಿನ್ನ ಕಟ್ಟಳೆ ಹೊತ್ತು ಹೋಗಬೇಡ' ಎಂಬರ್ಥದ ಗಾದೆಯನ್ನು ಬಳಸುವುದುಂಟು. ತಾತ್ಪರ್ಯ ಒಂದೇ, ಆದರೆ ಅದರಲ್ಲಿ ಗದರಿಕೆಯ ಸ್ವರವಿದೆ. ಕನ್ನಡದಲ್ಲಿ 'ದೇಶಕ್ಕೆ ತಕ್ಕ ವೇಷ' ಎಂದರೆ ಸಲಹೆಯ ಧಾಟಿ ಉಳಿಯುತ್ತದೆ. 'ಕಾಲಕ್ಕೆ ತಕ್ಕ ಕೋಲ' ಎಂದರೆ ಸಮಯಸಾಧಕತನದ ವ್ಯಂಗ್ಯ ಸೇರಬಹುದು. ಕಥೆಯಲ್ಲಿ ಅಜ್ಜ ಮೊಮ್ಮಗಳಿಗೆ ಪ್ರೀತಿಯಿಂದ ಹೇಳುವ ಮಾತಾದರೆ ಮೊದಲನೆಯದು ಸರಿ, ಎರಡನೆಯದು ಅಜ್ಜನನ್ನೇ ಬೇರೆ ಮನುಷ್ಯನನ್ನಾಗಿ ಮಾಡುತ್ತದೆ.

ಸಾವಿಗೆ ಸಂಬಂಧಿಸಿದ ನುಡಿಗಟ್ಟುಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 'ಕಿಕ್ ದ ಬಕೆಟ್' ಎಂಬುದು ಇಂಗ್ಲಿಷಿನಲ್ಲಿ ಹಗುರವಾದ, ಗೌರವವಿಲ್ಲದ ಮಾತು. 'ಗೊಟಕ್ ಎಂದ' ಎಂಬುದರ ಮಟ್ಟದ್ದು. ಅದಕ್ಕೆ 'ಶಿವನ ಪಾದ ಸೇರಿದರು' ಎಂದು ಬರೆದರೆ ಲೇಖಕನ ಹಾಸ್ಯ ಕಳೆದುಹೋಗುತ್ತದೆ. ಜೊತೆಗೆ ಇಂಗ್ಲಿಷ್ ಪಾತ್ರವೊಂದಕ್ಕೆ ಇಲ್ಲಿನ ದೇವರನ್ನು ಅಂಟಿಸಿದಂತೆಯೂ ಆಗುತ್ತದೆ. ಇದೇ ಕಾರಣದಿಂದ 'ರೋಮ್ ಒಂದೇ ದಿನದಲ್ಲಿ ಕಟ್ಟಿದ್ದಲ್ಲ' ಎಂಬ ಗಾದೆಗೆ ರಷ್ಯನ್ನರು 'ಮಾಸ್ಕೊ ಒಮ್ಮೆಲೇ ಕಟ್ಟಿದ್ದಲ್ಲ' ಎನ್ನುವರಾದರೂ, ಲಂಡನ್ನಿನ ಪಾತ್ರದ ಬಾಯಲ್ಲಿ ಮಾಸ್ಕೊ ಬಂದರೆ ಅಸಹಜವೆನಿಸುತ್ತದೆ. ಕನ್ನಡದಲ್ಲಿ ಈ ಗಾದೆಗೆ ವಿದ್ಯಾರ್ಥಿಗಳು 'ಹನಿ ಹನಿ ಕೂಡಿದರೆ ಹಳ್ಳ' ಎಂಬುದನ್ನು ಸೂಚಿಸುತ್ತಾರೆ. ಅದು ಕೂಡಿಡುವುದನ್ನು ಕುರಿತದ್ದು. ಮೂಲವು ದೊಡ್ಡ ಕೆಲಸಕ್ಕೆ ಕಾಲ ಬೇಕೆನ್ನುತ್ತದೆ. ಅವಸರಪಡುವವನನ್ನು ತಡೆಯುವ ಸಂದರ್ಭವಾದರೆ 'ದೊಡ್ಡ ಕೆಲಸ ಒಂದೇ ದಿನಕ್ಕೆ ಆಗುವುದಿಲ್ಲ' ಎಂಬ ನೇರ ಮಾತೇ ಸಾಕು.

7. ಚಿತ್ರವನ್ನು ಉಳಿಸಬೇಕಾದ ಸಂದರ್ಭಗಳು

ಚಿತ್ರವನ್ನು ಬಿಡಬೇಕೆಂಬುದು ಸಾಮಾನ್ಯ ನಿಯಮ, ಅದಕ್ಕೆ ಅಪವಾದಗಳಿವೆ. ಪಾಠದೊಡನೆ ಚಿತ್ರಪಟವಿದ್ದು, ಅದರಲ್ಲಿ ಮೊಟ್ಟೆ ಮತ್ತು ಕೋಳಿಮರಿಗಳನ್ನು ಬರೆದಿದ್ದರೆ, ಅಲ್ಲಿ ಕುಲಾವಿಯ ಗಾದೆ ಮಗುವನ್ನು ಗಲಿಬಿಲಿಗೊಳಿಸುತ್ತದೆ. ಪಾತ್ರವೊಂದು ಗಾದೆಯ ಪದಗಳೊಡನೆ ಆಟವಾಡಿ, 'ನನ್ನ ಬಳಿ ಕೋಳಿಯೇ ಇಲ್ಲವಲ್ಲ' ಎಂದು ಉತ್ತರಿಸಿದರೆ ಕೋಳಿಯನ್ನು ಉಳಿಸದೆ ಗತ್ಯಂತರವಿಲ್ಲ. ಇಂಥ ಕಡೆಗಳಲ್ಲಿ ಚಿತ್ರವನ್ನು ಹಾಗೆಯೇ ಕನ್ನಡಿಸಿ, ಅದೇ ವಾಕ್ಯದಲ್ಲಿ ತಿರುಳನ್ನೂ ಸೇರಿಸಬೇಕು: 'ಮೊಟ್ಟೆ ಒಡೆಯುವ ಮೊದಲೇ ಮರಿಗಳನ್ನೆಣಿಸಿ ಹಿಗ್ಗಬೇಡ.' 'ಹಿಗ್ಗಬೇಡ' ಎಂಬ ಒಂದು ಪದವು ವಿವರಣೆಯ ಕೆಲಸವನ್ನು ಮಾಡುತ್ತದೆ, ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲಿ ನುಡಿಗಟ್ಟಿನ ಅರ್ಥವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾದಾಗಲೂ ಎಚ್ಚರಿಕೆ ಬೇಕು. ಕನ್ನಡ ಗಾದೆಯು ಅಲ್ಲಿಗೆ ಹೋಗುವ ಮೆಟ್ಟಿಲು ಮಾತ್ರ. ಕನ್ನಡ ಗಾದೆಯನ್ನು ಮತ್ತೆ ಇಂಗ್ಲಿಷಿಗೆ ಪದಾನುವಾದ ಮಾಡಿ ಕುಲಾವಿ ಹೊಲಿಸುವ ವಿಷಯ ಬರೆದರೆ, ಮೊದಲಿನ ತಪ್ಪೇ ತಿರುಗುಮುರುಗಾಗಿ ನಡೆಯುತ್ತದೆ. ಎರಡನೆಯ ಹೆಜ್ಜೆಯಲ್ಲಿ ಬರೆದ ಚಿತ್ರರಹಿತ ವಾಕ್ಯವನ್ನೇ ಇಂಗ್ಲಿಷಿಗೆ ತರಬೇಕು.

8. ತರಗತಿಯ ಚಟುವಟಿಕೆ

ಒಂದು ಪಾಠದ ಅವಧಿಗೆ ಎರಡು ಗಾದೆಗಳು ಸಾಕು. ಹಿಂದಿನ ದಿನ ಶಿಕ್ಷಕರು ಗಾದೆಯನ್ನು ಹೇಳದೆ ಸಂದರ್ಭವನ್ನು ಮಾತ್ರ ವಿದ್ಯಾರ್ಥಿಗಳಿಗೆ ಕೊಡುತ್ತಾರೆ: 'ಪರೀಕ್ಷೆ ಬರೆಯುವ ಮುಂಚೆಯೇ ಒಬ್ಬ ಬಹುಮಾನದ ಹಣದಲ್ಲಿ ಏನು ಕೊಳ್ಳಬೇಕೆಂದು ಹೇಳಿಕೊಳ್ಳುತ್ತಿದ್ದಾನೆ. ಅವನಿಗೆ ಮನೆಯಲ್ಲಿ ಏನೆನ್ನುತ್ತಾರೆ?' ವಿದ್ಯಾರ್ಥಿಗಳು ಮನೆಯ ಹಿರಿಯರನ್ನು, ನೆರೆಯವರನ್ನು ಕೇಳಿ, ಯಾವ ನುಡಿಯಲ್ಲಿ ದೊರೆತರೂ ಕನ್ನಡ ಲಿಪಿಯಲ್ಲಿ ಬರೆದು ತರುತ್ತಾರೆ. ಗಾದೆಯನ್ನೇ ಮೊದಲು ಕೊಟ್ಟು ಸಮಾನವನ್ನು ಕೇಳಿದರೆ ಹಿರಿಯರೂ ಚಿತ್ರದ ಹಿಂದೆ ಹೋಗುತ್ತಾರೆ. ಸಂದರ್ಭವನ್ನು ಕೊಟ್ಟರೆ ಆಡುವ ಮಾತೇ ಹೊರಬರುತ್ತದೆ. ತೆಲುಗು ಮನೆಯಿಂದ 'ಹೆಂಡತಿಯಿಲ್ಲ, ಬಸಿರಿಲ್ಲ, ಮಗನ ಹೆಸರು ಸೋಮಲಿಂಗ' ಎಂಬರ್ಥದ ಗಾದೆ ಬರಬಹುದು. ಕನ್ನಡ ಮನೆಯಿಂದ ಕುಲಾವಿ ಬರುತ್ತದೆ. ಮರುದಿನ ಇವನ್ನು ಹಲಗೆಯ ಮೇಲೆ ಬರೆದ ಮೇಲೆ ಮಾತ್ರ ಇಂಗ್ಲಿಷ್ ಗಾದೆಯನ್ನು ತೆರೆಯಬೇಕು.

ಸಂಗ್ರಹಿಸಿದ ಗಾದೆಗಳಲ್ಲಿ ಜಾತಿ, ಹೆಣ್ಣು, ಅಂಗವೈಕಲ್ಯಗಳನ್ನು ಹೀನೈಸುವವೂ ಬರುವುದುಂಟು. ಅವು ಅರ್ಥದಲ್ಲಿ ಹೊಂದಿದರೂ ಅನುವಾದಕ್ಕೆ ಆಯ್ದುಕೊಳ್ಳಬಾರದು. ಮೂಲದಲ್ಲಿಲ್ಲದ ನಿಂದೆಯನ್ನು ಸೇರಿಸುವುದು ಅನುವಾದದ ದೋಷವೂ ಹೌದು.

ಅಭ್ಯಾಸ

ಅ. ತೋಟದ ಕಥೆಯಲ್ಲಿ ಮಗನು ಮುಂದಿನ ವಾರದ ಬೆಲೆಯನ್ನು ನೆಚ್ಚಿ ಇಂದೇ ಸಾಲ ಮಾಡಿದನೆಂದು ಬದಲಾಯಿಸಿದರೆ, ತಾಯಿಯ ಬಾಯಲ್ಲಿ ಯಾವ ಗಾದೆ ಬರಬೇಕು? ಕಾರಣ ಬರೆಯಿರಿ.

ಆ. ಅದೇ ಕಥೆಯಲ್ಲಿ ಯಾವ ಬದಲಾವಣೆ ಮಾಡಿದರೆ 'ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು' ಎಂಬ ಗಾದೆ ಸರಿಹೊಂದುತ್ತದೆ?

ಇ. 'ಕಡ್ಡಿಯನ್ನು ಗುಡ್ಡ ಮಾಡುವುದು' ಎಂಬುದನ್ನು (1) ತಾಯಿ ಮಗಳಿಗೆ, (2) ವಿದ್ಯಾರ್ಥಿ ಮುಖ್ಯೋಪಾಧ್ಯಾಯರಿಗೆ ಹೇಳುವ ಎರಡು ವಾಕ್ಯಗಳಲ್ಲಿ ಬಳಸಿ. ಎರಡನೆಯದರಲ್ಲಿ ಈ ನುಡಿಗಟ್ಟನ್ನು ಬಳಸುವುದು ಯುಕ್ತವೇ? ಅಲ್ಲವಾದರೆ ನೇರ ಮಾತಿನಲ್ಲಿ ಬರೆಯಿರಿ.